ಎಲ್ಲಿದ್ದಾಗ ಕೆಮ್ಮು ಕಡಿಮೆಯಾಗುತ್ತದೆ?

(ಇಂಗ್ಲೆಂಡಿನಲ್ಲಿ ನಡೆದ ಕನ್ನಡ ಗೆಳೆಯರ ಸಭೆಯೊಂದರಲ್ಲಿ ಮಾಡಿದ ಮಾತಿನ ಬರಹರೂಪ)



ನಾನಿಂದು ಮಾತನಾಡಲಿರುವ ಕಾಯಿಲೆಯ ಹೆಸರು ಉದ್ದವಾದದ್ದು: ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಕನ್ನಡದಲ್ಲಿ ಇದನ್ನು ಅತಿಸಂವೇದನೆಯಿಂದ ಉಂಟಾಗುವ ಶ್ವಾಸಕೋಶದ ಉರಿಯೂತ ಎನ್ನಬಹುದು. ಈ ಮಾತಿನ ಉದ್ದಕ್ಕೂ ವೈದ್ಯರು ಬಳಸುವಂತೆ ಎಚ್.ಪಿ. ಎಂದೇ ಕರೆಯುತ್ತೇನೆ. ನಾನು ವೈದ್ಯನಲ್ಲ, ದುಡಿಮೆ ಮತ್ತು ವಸತಿಗಳಿಂದ ಬರುವ ರೋಗಗಳ ಬಗ್ಗೆ ಸಂಶೋಧನೆ ಮಾಡುವವನು. ಆ ದಿಕ್ಕಿನಿಂದ ನೋಡುವಾಗ ಈ ಕಾಯಿಲೆಯಲ್ಲಿ ಒಂದು ವಿಶೇಷವಿದೆ. ಇದರಲ್ಲಿ ಮಾತ್ರೆಗಿಂತ ಮೊದಲು ಬರುವುದು ಒಂದು ಪ್ರಶ್ನೆ: ನೀವು ಯಾವ ಗಾಳಿಯನ್ನು ಉಸಿರಾಡುತ್ತಿದ್ದೀರಿ? ಉತ್ತರ ಸಿಕ್ಕಿದರೆ ವೈದ್ಯರು ಕೊಡುವ ಮೊದಲ ಸಲಹೆಯೂ ಅಷ್ಟೇ ಸರಳ: ಅದರಿಂದ ದೂರವಿರಿ. ಆದರೆ ಯಾರು ದೂರವಿರಬಲ್ಲರು, ಯಾರು ಇರಲಾರರು ಎಂಬುದು ಶ್ವಾಸಕೋಶದೊಳಗೆ ತೀರ್ಮಾನವಾಗುವ ವಿಷಯವಲ್ಲ.

ಮೊದಲು ಶ್ವಾಸಕೋಶದೊಳಗೆ ಏನು ನಡೆಯುತ್ತದೆಂದು ನೋಡೋಣ. ಹಕ್ಕಿಗಳ ಗರಿಯ ಮೇಲಿನ ನಯವಾದ ಪುಡಿ, ಅವುಗಳ ಒಣಗಿದ ಹಿಕ್ಕೆ, ಬೂಷ್ಟಿನ ಬೀಜಕಣ, ಮುಗ್ಗಿದ ಹುಲ್ಲಿನ ಧೂಳು, ಇವೆಲ್ಲ ಜೀವಮೂಲದ ಕಣಗಳು. ಸುಮಾರು 5 ಮೈಕ್ರಾನ್‌ಗಿಂತ ಚಿಕ್ಕದಾಗಿರುವ ಕಣಗಳು ಮೂಗು, ಗಂಟಲು, ಶ್ವಾಸನಾಳಗಳಲ್ಲಿ ತಡೆಯಲ್ಪಡದೆ ನೇರವಾಗಿ ವಾಯುಕೋಶಗಳವರೆಗೆ ಇಳಿಯುತ್ತವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿಯೇ. ಹೆಚ್ಚಿನವರ ದೇಹ ಈ ಕಣಗಳನ್ನು ಸದ್ದಿಲ್ಲದೆ ಸಹಿಸಿಕೊಳ್ಳುತ್ತದೆ. ಕೆಲವರ ರೋಗನಿರೋಧಕ ವ್ಯವಸ್ಥೆ ಮಾತ್ರ ಅವನ್ನು ವೈರಿಗಳೆಂದು ಗುರುತಿಸಿ ಕಾದಾಟಕ್ಕೆ ನಿಲ್ಲುತ್ತದೆ. ಹಾಗೆ ಕೆರಳಿಸುವ ವಸ್ತುವಿಗೆ ಪ್ರತಿಜನಕ ಎಂದು ಹೆಸರು. ಆಸ್ತಮಾದಲ್ಲಿ ತೊಂದರೆ ಇರುವುದು ಗಾಳಿಯ ಕೊಳವೆಗಳಲ್ಲಿ, ಎಚ್.ಪಿ.ಯಲ್ಲಿ ಕೊಳವೆಗಳಾಚೆಗಿನ ಮೆದುವಾದ ಅಂಗಾಂಶದಲ್ಲಿ.

ಇದು ಎರಡು ಬಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಒಮ್ಮೆಗೇ ಬಹಳ ಧೂಳು ಒಳಹೊಕ್ಕರೆ ನಾಲ್ಕರಿಂದ ಎಂಟು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಕೆಮ್ಮು, ಏದುಸಿರು ಬರುತ್ತದೆ. ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ಬೆಳಿಗ್ಗೆ ಮಾಡಿದ ಕೆಲಸಕ್ಕೂ ಸಂಜೆ ಬಂದ ಜ್ವರಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ; ಫ್ಲೂ ಎಂದೋ ನ್ಯುಮೋನಿಯಾ ಎಂದೋ ಆಂಟಿಬಯಾಟಿಕ್ ಕೊಡಲಾಗುತ್ತದೆ. ಜ್ವರ ತಾನಾಗಿ ಇಳಿದಾಗ ಔಷಧಿ ಕೆಲಸ ಮಾಡಿತೆಂದು ಎಲ್ಲರೂ ನಂಬುತ್ತಾರೆ. ಎರಡನೆಯ ಬಗೆ ಹೆಚ್ಚು ಅಪಾಯಕಾರಿ. ದಿನವೂ ಸ್ವಲ್ಪಸ್ವಲ್ಪವೇ ಕಣ ಒಳಹೋಗುತ್ತಿದ್ದರೆ ಜ್ವರವೇ ಬಾರದಿರಬಹುದು. ಒಣಕೆಮ್ಮು, ಮಹಡಿ ಹತ್ತುವಾಗ ಉಸಿರು ಸಾಲದಿರುವುದು, ತೂಕ ಇಳಿಯುವುದು, ಇಷ್ಟೇ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಮೆದುವಾದ ಅಂಗಾಂಶ ನಾರುಗಟ್ಟತೊಡಗುತ್ತದೆ. ನಾರುಗಟ್ಟಿದ ಭಾಗ ಮತ್ತೆ ಮೆದುವಾಗುವುದಿಲ್ಲ. ಈ ಕಾಯಿಲೆಯಲ್ಲಿ ಕಾಲಕ್ಕೆ ಇಷ್ಟು ಬೆಲೆ ಇರುವುದು ಆ ಒಂದು ಸಂಗತಿಯಿಂದ.

ಈ ರೋಗದ ಚರಿತ್ರೆ ಹೊಲಮನೆಯಿಂದ ಆರಂಭವಾಗುತ್ತದೆ. 1932ರಲ್ಲಿ ಕ್ಯಾಂಪ್‌ಬೆಲ್ ಎಂಬ ವೈದ್ಯರು ಇಂಗ್ಲೆಂಡಿನ ವಾಯವ್ಯ ಭಾಗದ ವೆಸ್ಟ್‌ಮರ್ಲೆಂಡ್‌ನಲ್ಲಿ, ಮುಗ್ಗಿದ ಒಣಹುಲ್ಲಿನಲ್ಲಿ ಕೆಲಸ ಮಾಡಿದ ಬಳಿಕ ಉಸಿರಾಟದ ತೊಂದರೆಗೆ ಒಳಗಾದ ರೈತರ ಬಗ್ಗೆ ಬರೆದರು. ಹುಲ್ಲನ್ನು ಪೂರ್ತಿ ಒಣಗಿಸದೆ ಬಣವೆ ಒಟ್ಟಿದರೆ ಒಳಗಿನ ತೇವದಿಂದ ಅದು ತಾನಾಗಿ ಬಿಸಿಯೇರುತ್ತದೆ. ಐವತ್ತು ಅರವತ್ತು ಡಿಗ್ರಿಯ ಆ ಶಾಖದಲ್ಲಿ, ಬಿಸಿಯನ್ನೇ ಮೆಚ್ಚುವ ಕೆಲವು ಬ್ಯಾಕ್ಟೀರಿಯಾಗಳು ಹುಲುಸಾಗಿ ಬೆಳೆಯುತ್ತವೆ. ಚಳಿಗಾಲದಲ್ಲಿ ದನಗಳಿಗೆ ಹಾಕಲೆಂದು ಮುಚ್ಚಿದ ಕೊಟ್ಟಿಗೆಯಲ್ಲಿ ಆ ಹುಲ್ಲನ್ನು ಕೊಡವಿದಾಗ ಅವುಗಳ ಬೀಜಕಣಗಳು ಬಿಳಿಯ ಹೊಗೆಯಂತೆ ಏಳುತ್ತವೆ. 1960ರ ದಶಕದಲ್ಲಿ ಜ್ಯಾಕ್ ಪೆಪಿಸ್ ಮತ್ತು ಸಂಗಡಿಗರು ಈ ಸೂಕ್ಷ್ಮಜೀವಿಗಳೇ ಪ್ರತಿಜನಕದ ಮೂಲವೆಂದು ತೋರಿಸಿದರು. 1965ರಲ್ಲಿ ಬ್ರಿಟನ್ ಇದನ್ನು ಪರಿಹಾರಕ್ಕೆ ಅರ್ಹವಾದ ದುಡಿಮೆಯ ರೋಗವೆಂದು ಒಪ್ಪಿಕೊಂಡಿತು. ಅದೇ ವರ್ಷ ಅಮೆರಿಕದ ವೈದ್ಯರು ಪಾರಿವಾಳ ಸಾಕುವವರಲ್ಲಿ ಇದೇ ರೋಗವನ್ನು ವಿವರಿಸಿದರು. ಆಮೇಲೆ ಪಟ್ಟಿ ಬೆಳೆಯುತ್ತ ಹೋಯಿತು. ಜಪಾನಿನಲ್ಲಿ ಹಳೆಯ ಮರದ ಮನೆಗಳ ತೇವದಲ್ಲಿ ಬೆಳೆಯುವ ಶಿಲೀಂಧ್ರದಿಂದ ಪ್ರತಿ ಬೇಸಿಗೆಯಲ್ಲೂ ಮರುಕಳಿಸುವ ಬಗೆಯೊಂದಿದೆ. ಅದಕ್ಕೆ ಬೇಸಿಗೆಯ ಎಚ್.ಪಿ. ಎಂದೇ ಹೆಸರು. ವಸ್ತು ಯಾವುದಾದರೂ ರೋಗ ಒಂದೇ. ಆದ್ದರಿಂದ ಸ್ಕ್ಯಾನ್ ಚಿತ್ರ ರೋಗವನ್ನು ಸೂಚಿಸಬಲ್ಲದು. ಅದು ಪಾರಿವಾಳದಿಂದ ಬಂತೋ ಬೂಷ್ಟಿನಿಂದ ಬಂತೋ ಎಂಬುದನ್ನು ಹೇಳಲಾರದು. ಅದನ್ನು ಹೇಳಬೇಕಾದದ್ದು ರೋಗಿಯ ಬದುಕು.

ಬದುಕನ್ನು ಕೇಳುವುದೆಂದರೇನು ಎಂಬುದಕ್ಕೆ ಎರಡು ಪ್ರಕರಣಗಳನ್ನು ಪಕ್ಕಪಕ್ಕದಲ್ಲಿ ಇಡುತ್ತೇನೆ. ಎರಡೂ ಬ್ರಿಟನ್ನಿನವು, ಎರಡೂ ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟವಾದವು.

ಮೊದಲನೆಯದು 2019ರಲ್ಲಿ ಸ್ಕಾಟ್ಲೆಂಡಿನ ವೈದ್ಯರು ವರದಿ ಮಾಡಿದ್ದು. ರೋಗಿ ನಲವತ್ತಮೂರು ವರ್ಷದವರು, ಧೂಮಪಾನಿಯಲ್ಲ. ಮೂರು ತಿಂಗಳಿಂದ ಸುಸ್ತು, ಏದುಸಿರು. ಮೊದಲು ಸೋಂಕೆಂದು ಭಾವಿಸಲಾಯಿತು. ದಿನಗಳೆದಂತೆ ಸ್ಥಿತಿ ಬಿಗಡಾಯಿಸಿ, ಕೆಲವು ನಿಮಿಷಗಳಿಗಿಂತ ಹೆಚ್ಚು ಹೊತ್ತು ನಿಲ್ಲಲೂ ಆಗದಂತಾಯಿತು. ಮನೆಯ ಬಗ್ಗೆ ಕೇಳಿದಾಗ ಬಚ್ಚಲುಮನೆಯಲ್ಲಿ ಸ್ವಲ್ಪ ಬೂಷ್ಟಿದೆ, ಬೆಕ್ಕು ನಾಯಿಗಳಿವೆ, ಹಕ್ಕಿಗಳಿಲ್ಲ ಎಂದರು. ಹೆಚ್ಚಿನ ವಿಚಾರಣೆ ಇಲ್ಲಿಗೆ ನಿಲ್ಲುತ್ತದೆ. ಇಲ್ಲಿ ನಿಲ್ಲಲಿಲ್ಲ. ಇತ್ತೀಚೆಗೆ ಮನೆಯಲ್ಲಿ ಏನು ಬದಲಾಯಿತೆಂದು ಮತ್ತೆ ಕೇಳಿದಾಗ, ಕೃತಕ ನೂಲಿನ ಹೊದಿಕೆ ದಿಂಬುಗಳನ್ನು ಬಿಟ್ಟು ಗರಿ ತುಂಬಿದ ಹೊದಿಕೆ ದಿಂಬುಗಳನ್ನು ಕೊಂಡದ್ದು ಹೊರಬಂತು. ರಕ್ತದಲ್ಲಿ ಹಕ್ಕಿಯ ಪ್ರತಿಜನಕದ ವಿರುದ್ಧ ಪ್ರತಿಕಾಯಗಳು ಬಲವಾಗಿ ಕಂಡವು, ಸಿ.ಟಿ. ಸ್ಕ್ಯಾನ್ ಅದಕ್ಕೆ ಹೊಂದುವಂತಿತ್ತು. ಹಾಸಿಗೆ ಬದಲಿಸಿದರು, ಸ್ಟೀರಾಯ್ಡ್ ಕೊಟ್ಟು ಕ್ರಮೇಣ ಇಳಿಸಿದರು. ಅವರು ಚೇತರಿಸಿಕೊಂಡರು. ಮನೆಯಲ್ಲಿ ಹಕ್ಕಿ ಇರಲಿಲ್ಲ, ಆದರೆ ದಿನಕ್ಕೆ ಏಳೆಂಟು ಗಂಟೆ ಅವರು ಹಕ್ಕಿಯ ಗರಿಗಳಿಗೆ ಮುಖವೊಡ್ಡಿ ಮಲಗುತ್ತಿದ್ದರು.

ಎರಡನೆಯದು 2016ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ಬರೆದದ್ದು. ಅರವತ್ತೊಂದು ವರ್ಷದ ಒಬ್ಬರಿಗೆ ಏಳು ವರ್ಷಗಳಿಂದ ಒಣಕೆಮ್ಮು, ಏದುಸಿರು. ಎಚ್.ಪಿ. ಎಂದು ಗೊತ್ತಾಗಿತ್ತು. ಚಿಕಿತ್ಸೆ ನಡೆದೂ ಸ್ಥಿತಿ ಕುಸಿಯುತ್ತಲೇ ಇತ್ತು. ಪಾರಿವಾಳವಿಲ್ಲ, ಮನೆಯಲ್ಲಿ ಬೂಷ್ಟಿಲ್ಲ, ಧೂಮಪಾನವಿಲ್ಲ. ನಡುವೆ ಅವರು ಮೂರು ತಿಂಗಳು ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಬೇಗನೆ ಗುಣ ಕಂಡಿತ್ತು. ಮರಳಿ ಬಂದೊಡನೆ ಮತ್ತೆ ಹದಗೆಟ್ಟಿತು. ಅವರು ದಿನವೂ ಬ್ಯಾಗ್‌ಪೈಪ್ ನುಡಿಸುತ್ತಿದ್ದರು. ಆ ವಾದ್ಯವನ್ನು ಆಸ್ಟ್ರೇಲಿಯಾಕ್ಕೆ ಒಯ್ದಿರಲಿಲ್ಲ. ಅದರ ಚೀಲದ ತೇವದಲ್ಲಿ, ಊದುವ ಕೊಳವೆಯಲ್ಲಿ ಹಲವು ಬಗೆಯ ಶಿಲೀಂಧ್ರಗಳು ಬೆಳೆದಿರುವುದು ಪರೀಕ್ಷೆಯಲ್ಲಿ ಕಂಡಿತು. ಆದರೆ ಅಷ್ಟರಲ್ಲಿ ತಡವಾಗಿತ್ತು, ಅವರು ಉಳಿಯಲಿಲ್ಲ.

ಒಂದೇ ರೋಗ, ಒಂದೇ ಆರೋಗ್ಯ ವ್ಯವಸ್ಥೆ. ಮೊದಲನೆಯವರಲ್ಲಿ ಉತ್ತರ ಕೆಲವು ತಿಂಗಳಲ್ಲಿ ಸಿಕ್ಕಿತು, ಎರಡನೆಯವರಲ್ಲಿ ಏಳು ವರ್ಷಕ್ಕೂ ಸಿಗಲಿಲ್ಲ. ಇಬ್ಬರ ರೋಗದ ಬಗೆಯಲ್ಲೂ ವಯಸ್ಸಿನಲ್ಲೂ ವ್ಯತ್ಯಾಸವಿತ್ತು, ನಿಜ. ಆದರೂ ಎರಡೂ ಕಡೆ ಸುಳಿವು ರೋಗಿಯ ಬಳಿಯಲ್ಲೇ ಇತ್ತೆಂಬುದನ್ನು ಗಮನಿಸಿ. ಅದು ಸುಳಿವೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ. ಹಕ್ಕಿ ಸಾಕಿದ್ದೀರಾ ಎಂದು ಕೇಳಿದರೆ ದಿಂಬಿನ ನೆನಪಾಗುವುದಿಲ್ಲ. ಬೂಷ್ಟಿದೆಯೇ ಎಂದು ಕೇಳಿದರೆ ವಾದ್ಯದ ನೆನಪಾಗುವುದಿಲ್ಲ.

ಹಾಗಾಗಿ ಅನುಭವಿಗಳು ವಸ್ತುಗಳ ಪಟ್ಟಿಯೊಂದಿಗೆ ಕಾಲ ಮತ್ತು ಸ್ಥಳವನ್ನೂ ಹಿಡಿದು ಕೇಳುತ್ತಾರೆ. ತೊಂದರೆ ಶುರುವಾಗುವ ಹಿಂದಿನ ವರ್ಷ ಏನು ಹೊಸದಾಗಿ ಬಂತು: ಮನೆ, ಕೆಲಸ, ಹವ್ಯಾಸ, ಹಾಸಿಗೆ, ಯಂತ್ರ? ಮನೆಯಲ್ಲಿ ಎಲ್ಲಿ ನೀರು ಸೋರಿದೆ, ಯಾವ ಗೋಡೆ ಕಪ್ಪಾಗಿದೆ? ಕಿಟಕಿಯಾಚೆ, ಬಾಲ್ಕನಿಯಲ್ಲಿ, ಏಸಿ ಪೆಟ್ಟಿಗೆಯ ಹಿಂದೆ ಏನು ಗೂಡು ಕಟ್ಟಿದೆ? ಮನೆಯ ಬೇರೆಯವರು ಯಾವ ಕೆಲಸ ಮಾಡಿ, ಯಾವ ಬಟ್ಟೆಯಲ್ಲಿ ಮರಳುತ್ತಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲಿದ್ದಾಗ ಕೆಮ್ಮು ಕಡಿಮೆಯಾಗುತ್ತದೆ, ಎಲ್ಲಿಗೆ ಮರಳಿದಾಗ ಹೆಚ್ಚುತ್ತದೆ?

ಈ ಕೊನೆಯ ಪ್ರಶ್ನೆಗೆ ಮಿತಿಯೂ ಇದೆ. ಶ್ವಾಸಕೋಶ ಆಗಲೇ ನಾರುಗಟ್ಟಿದ್ದರೆ ಎಲ್ಲಿಗೆ ಹೋದರೂ ಸುಧಾರಣೆ ಕಾಣದಿರಬಹುದು. ಆದ್ದರಿಂದ ಮನೆ ಕಾರಣವಲ್ಲ ಎಂದು ತೀರ್ಮಾನಿಸಬಾರದು. ರಕ್ತಪರೀಕ್ಷೆಗೂ ಮಿತಿಯಿದೆ. ಪಾರಿವಾಳದ ವಿರುದ್ಧ ಪ್ರತಿಕಾಯಗಳಿದ್ದರೆ ನೀವು ಪಾರಿವಾಳದ ಸಂಪರ್ಕದಲ್ಲಿದ್ದಿರಿ ಎಂದಷ್ಟೇ ಅರ್ಥ; ಪಾರಿವಾಳ ಸಾಕುವ ಎಷ್ಟೋ ಆರೋಗ್ಯವಂತರಲ್ಲೂ ಅವು ಇರುತ್ತವೆ. ಪ್ರತಿಕಾಯ ಕಾಣದಿದ್ದರೆ ರೋಗವಿಲ್ಲವೆಂದೂ ಅಲ್ಲ, ಏಕೆಂದರೆ ಪ್ರಯೋಗಾಲಯ ತನ್ನ ಬಳಿಯಿರುವ ಕೆಲವೇ ಪ್ರತಿಜನಕಗಳನ್ನು ಪರೀಕ್ಷಿಸುತ್ತದೆ. ಬದುಕಿನ ವಿವರ, ಸ್ಕ್ಯಾನ್, ಅಗತ್ಯವಿದ್ದರೆ ಶ್ವಾಸಕೋಶವನ್ನು ತೊಳೆದು ತೆಗೆದ ದ್ರವದಲ್ಲಿ ಲಿಂಫೋಸೈಟ್ ಕಣಗಳ ಪ್ರಮಾಣ, ಇವನ್ನೆಲ್ಲ ಒಟ್ಟಿಗಿಟ್ಟು ತಜ್ಞರು ನಿರ್ಧರಿಸುತ್ತಾರೆ.

ಈಗ ನಮ್ಮ ಊರಿನ ಕಡೆಗೆ ಬರೋಣ. ಶ್ವಾಸಕೋಶದ ಅಂಗಾಂಶ ಉರಿದು ನಾರುಗಟ್ಟುವ ಕಾಯಿಲೆಗಳ ಬಗ್ಗೆ ಭಾರತದ 19 ನಗರಗಳ 27 ಕೇಂದ್ರಗಳಲ್ಲಿ ನಡೆದ ದಾಖಲಾತಿಯೊಂದು 2017ರಲ್ಲಿ ಪ್ರಕಟವಾಯಿತು. 1,084 ರೋಗಿಗಳಲ್ಲಿ ಶೇಕಡ 47ರಷ್ಟು ಮಂದಿಗೆ ಇದ್ದದ್ದು ಎಚ್.ಪಿ. ಪಾಶ್ಚಾತ್ಯ ದೇಶಗಳ ದಾಖಲೆಗಳಲ್ಲಿ ಇದರ ಪಾಲು ಇದಕ್ಕಿಂತ ಬಹಳ ಕಡಿಮೆ. ಆ ಎಚ್.ಪಿ. ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಏರ್ ಕೂಲರಿನ ಗಾಳಿಯಲ್ಲಿದ್ದವರು. ಕೂಲರ್ ಇದ್ದ ಮಾತ್ರಕ್ಕೆ ಅದೇ ಕಾರಣವೆಂದು ಸಾಬೀತಾಗುವುದಿಲ್ಲ, ಈ ಅಂಕಿಗಳ ಬಗ್ಗೆ ತಜ್ಞರಲ್ಲಿ ಚರ್ಚೆಯಿದೆ. ಆದರೂ ಯಂತ್ರದ ರಚನೆಯನ್ನು ನೋಡಿದರೆ ಅನುಮಾನ ಸಹಜ. ತೊಟ್ಟಿಯಲ್ಲಿ ನಿಂತ ನೀರು, ಅದರಿಂದ ಸದಾ ಒದ್ದೆಯಾಗಿರುವ ಹುಲ್ಲಿನ ಪ್ಯಾಡು, ಅದರ ಮೂಲಕ ಗಾಳಿಯೆಳೆದು ಮಲಗಿದವರ ಮುಖಕ್ಕೆ ಬೀಸುವ ಫ್ಯಾನು. ವೆಸ್ಟ್‌ಮರ್ಲೆಂಡಿನ ಬಣವೆಯಂತೆ ಇಲ್ಲಿಯೂ ತೇವ ಹಿಡಿದ ಹುಲ್ಲಿದೆ, ಅದರಲ್ಲಿ ಬೆಳೆದದ್ದನ್ನು ಕೊಡವಿ ಹರಡುವ ಗಾಳಿಯಿದೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಿ ಏಸಿ ಕೊಳ್ಳಲಾಗದವರಿಗೆ ನಿದ್ದೆ ತರುವುದು ಈ ಪೆಟ್ಟಿಗೆಯೇ. ಬಳಸಬೇಡಿ ಎನ್ನುವುದು ಸುಲಭ. ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಚೆಲ್ಲಿ ಒಣಗಿಸುವುದು, ಪ್ರತಿ ಬೇಸಿಗೆಗೂ ಹೊಸ ಪ್ಯಾಡು ಹಾಕುವುದು, ಮುಗ್ಗಲು ವಾಸನೆ ಬಂದರೆ ನಿಲ್ಲಿಸುವುದು ಆರೋಗ್ಯವಂತರಿಗೆ ಸಾಧ್ಯವಾದ ಎಚ್ಚರಿಕೆ. ರೋಗ ಖಚಿತವಾದವರ ಮನೆಯಲ್ಲಿ ಮಾತ್ರ ಕೂಲರ್ ಹೊರಹೋಗಲೇಬೇಕು.

ನಾವು ವಲಸಿಗರು ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮ ತಂದೆತಾಯಿಯರು ಆರು ತಿಂಗಳು ಇಲ್ಲಿಗೆ ಬಂದಿರುತ್ತಾರೆ. ವರ್ಷಗಳಿಂದ ಇದ್ದ ಅಮ್ಮನ ಕೆಮ್ಮು ಇಲ್ಲಿ ಇಳಿಯುತ್ತದೆ. ಇಲ್ಲಿನ ಗಾಳಿ ಶುದ್ಧ ಎಂದು ನಾವು ಹೆಮ್ಮೆಪಡುತ್ತೇವೆ, ಮಕ್ಕಳ ಜೊತೆಗಿದ್ದರೆ ಕಾಯಿಲೆಯೇ ಇಲ್ಲ ನೋಡಿ ಎಂದು ಅವರು ಹೇಳುತ್ತಾರೆ. ಊರಿಗೆ ಮರಳಿದ ತಿಂಗಳಲ್ಲೇ ಕೆಮ್ಮು ತಿರುಗಿ ಬಂದರೆ ಅದು ಆಸ್ಟ್ರೇಲಿಯಾ ಪ್ರವಾಸದಂಥದೇ ಸುಳಿವಾಗಿರಬಹುದು. ಹೊಗೆ, ಧೂಳು, ಆಸ್ತಮಾ ಹೀಗೆ ಬೇರೆ ಕಾರಣಗಳೂ ಇರಬಹುದು. ಆದರೆ ಬೆಂಗಳೂರಿನ ಫ್ಲಾಟಿನ ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆಯನ್ನು ದಿನವೂ ಒಣಗುಡಿಸುವವರು ಯಾರು ಎಂದು ಒಮ್ಮೆ ಕೇಳಿ. ಬಹುತೇಕ ಮನೆಗಳಲ್ಲಿ ಉತ್ತರ ಅಮ್ಮ, ಇಲ್ಲವೆ ಮನೆಗೆಲಸದಾಕೆ. ಎದೆಯ ಚಿತ್ರದಲ್ಲಿ ಕಲೆ ಕಂಡು ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ ಬಳಿಕ ಎಚ್.ಪಿ. ಎಂದು ತಿಳಿದ ರೋಗಿಗಳು ಭಾರತದಲ್ಲಿ ಅಪರೂಪವಲ್ಲ. ಯಾವ ತಿಂಗಳು ಎಲ್ಲಿದ್ದರು, ಆಗ ಉಸಿರು ಹೇಗಿತ್ತು ಎಂಬ ಒಂದು ಪುಟದ ಟಿಪ್ಪಣಿ ವೈದ್ಯರ ಕೈ ಸೇರಿದರೆ ಅದೇ ದೊಡ್ಡ ಸಹಾಯ. ಅದನ್ನು ಇಲ್ಲಿ ಕುಳಿತೇ ಬರೆದುಕೊಡಬಹುದು.

ಕಾರಣ ಸಿಕ್ಕ ಮೇಲೆ ದೂರವಿರುವುದು ಹೇಗೆ? ಔಷಧಿಗಳಿವೆ: ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸುತ್ತದೆ, ನಾರುಗಟ್ಟುವಿಕೆಯ ವೇಗವನ್ನು ಇಳಿಸುವ ನಿಂಟೆಡಾನಿಬ್‌ನಂಥ ಔಷಧಿಗಳು ಬಂದಿವೆ. ಆದರೆ ಪ್ರತಿಜನಕ ಮನೆಯಲ್ಲೇ ಇರುವಾಗ ಸ್ಟೀರಾಯ್ಡ್ ನುಂಗುವುದು ಒಲೆ ಉರಿಯುತ್ತಿರುವಾಗಲೇ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ. 2013ರಲ್ಲಿ ಅಮೆರಿಕದಿಂದ ಬಂದ ಅಧ್ಯಯನವೊಂದರಲ್ಲಿ ದೀರ್ಘಕಾಲದ ಎಚ್.ಪಿ. ಇದ್ದ 142 ಜನರ ಪೈಕಿ ಅರ್ಧಕ್ಕಿಂತ ಹೆಚ್ಚಿನವರಲ್ಲಿ ಕಾರಣ ಪತ್ತೆಯಾಗಲಿಲ್ಲ; ಪತ್ತೆಯಾದವರು ಪತ್ತೆಯಾಗದವರಿಗಿಂತ ಹೆಚ್ಚು ಕಾಲ ಬದುಕಿದರು.

ದೂರವಿರುವುದು ಹಕ್ಕಿಯನ್ನು ಕೊಟ್ಟುಬಿಟ್ಟಷ್ಟು ಸರಳವೂ ಅಲ್ಲ. ಹಕ್ಕಿಯನ್ನು ಹೊರಕಳಿಸಿ ಮನೆಯನ್ನು ಚೆನ್ನಾಗಿ ತೊಳೆದ ಮೇಲೂ ಹದಿನೆಂಟು ತಿಂಗಳವರೆಗೆ ಅದರ ಪ್ರತಿಜನಕ ಮನೆಯಲ್ಲಿ ಉಳಿದದ್ದನ್ನು 1992ರ ಅಧ್ಯಯನವೊಂದು ಅಳೆದು ತೋರಿಸಿತು. ರತ್ನಗಂಬಳಿ, ಸೋಫಾ, ಪರದೆಗಳಲ್ಲಿ ಅದು ಸೇರಿಕೊಂಡಿರುತ್ತದೆ. ಸ್ವಚ್ಛಗೊಳಿಸುವ ಕೆಲಸವನ್ನು ರೋಗಿಯೇ ಮಾಡಿದರೆ ಒಮ್ಮೆಗೇ ಬಹಳ ಧೂಳು ಒಳಹೋಗುತ್ತದೆ; ಅದನ್ನು ಬೇರೆಯವರು, ನೀರು ಚಿಮುಕಿಸಿ, ಮುಖಕವಚ ಧರಿಸಿ ಮಾಡಬೇಕು. ಕವಚ ಕೂಡ ಅಲ್ಪಕಾಲದ ರಕ್ಷಣೆ. ಬೂಷ್ಟು ಹಿಡಿದ ಕೋಣೆಯಲ್ಲಿ ಕವಚ ಹಾಕಿಕೊಂಡು ನಿದ್ದೆ ಮಾಡಲಾಗದು. ಗೋಡೆಯ ಬೂಷ್ಟನ್ನು ಒರೆಸಿ ಬಣ್ಣ ಹೊಡೆದರೂ ನೀರಿನ ಸೋರಿಕೆ ನಿಲ್ಲದಿದ್ದರೆ ಅದು ಮತ್ತೆ ಬರುತ್ತದೆ. ತೇವವೇ ಮೂಲ, ಬೂಷ್ಟು ಅದರ ಫಲ.

ನಾನು ಮೊದಲು ಹೇಳಿದ ಮಾತಿಗೆ ಈಗ ಬರುತ್ತೇನೆ. ಗರಿಯ ಹೊದಿಕೆ ಬದಲಿಸಲು ಕೆಲವು ಪೌಂಡು ಸಾಕು. ಸೋರುವ ಬಾಡಿಗೆಮನೆ ಬದಲಿಸಲು? ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ತೀರಿಕೊಂಡ ಎರಡು ವರ್ಷದ ಮಗು ಅವಾಬ್ ಇಶಾಕ್‌ನ ಹೆಸರು ನಿಮಗೆಲ್ಲ ಗೊತ್ತು. ಮನೆಯ ಬೂಷ್ಟಿನಲ್ಲಿ ದೀರ್ಘಕಾಲ ಇದ್ದುದರಿಂದ ಬಂದ ಉಸಿರಾಟದ ಕಾಯಿಲೆಯೇ ಸಾವಿಗೆ ಕಾರಣವೆಂದು ಮರಣ ವಿಚಾರಣಾಧಿಕಾರಿ 2022ರಲ್ಲಿ ತೀರ್ಮಾನಿಸಿದರು. ಅದು ಎಚ್.ಪಿ. ಎಂದು ನಾನು ಹೇಳುತ್ತಿಲ್ಲ. ಆದರೆ ಆ ವಲಸಿಗ ತಂದೆತಾಯಿಗೆ ಕಾರಣ ಗೊತ್ತಿತ್ತು, ಅವರು ಪದೇಪದೇ ದೂರಿದ್ದರು. ಗೊತ್ತಿದ್ದೂ ದೂರವಿರಲಾಗಲಿಲ್ಲ, ಏಕೆಂದರೆ ಗೋಡೆ ಅವರದಾಗಿರಲಿಲ್ಲ. ಅವನ ಹೆಸರಿನ ಕಾನೂನು ಇಂಗ್ಲೆಂಡಿನ ಸಾಮಾಜಿಕ ವಸತಿಗಳಲ್ಲಿ 2025ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ತೇವ ಮತ್ತು ಬೂಷ್ಟಿನ ದೂರುಗಳನ್ನು ಮನೆಯೊಡೆಯ ಸಂಸ್ಥೆ ನಿಗದಿತ ಅವಧಿಯೊಳಗೆ ಪರಿಶೀಲಿಸಿ ಸರಿಪಡಿಸಬೇಕು. ಮಗುವಿನ ಸಾವಿನ ಬಳಿಕ ಬಂದ ಈ ಕಾನೂನನ್ನು ನಾನು ಪ್ರತಿಜನಕದಿಂದ ದೂರವಿರುವ ಚಿಕಿತ್ಸೆಯ ಭಾಗವಾಗಿಯೇ ಓದುತ್ತೇನೆ.

ನಮ್ಮಲ್ಲೂ ಕಾನೂನು ಇಲ್ಲವೆಂದಲ್ಲ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಯವರು ಬಗಾಸ್ ಎನ್ನುತ್ತಾರೆ. ಅದು ರಾಶಿಯಲ್ಲಿ ಮುಗ್ಗಿದಾಗ ಏಳುವ ಧೂಳಿನಿಂದ ಬರುವ ಎಚ್.ಪಿ.ಗೆ ಬಗಾಸೋಸಿಸ್ ಎಂದು ಹೆಸರು. ಮಂಡ್ಯ, ಬೆಳಗಾವಿಯ ನಮಗೆ ಈ ರಾಶಿಗಳು ಹೊಸವಲ್ಲ. ದುಡಿಮೆಗಾರರ ಪರಿಹಾರಕ್ಕೆಂದು ಮಾಡಿದ 1923ರ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಬಗಾಸೋಸಿಸ್ಸನ್ನೂ, ಜೀವಮೂಲದ ಧೂಳಿನಿಂದ ಬರುವ ಇತರ ಎಚ್.ಪಿ.ಯನ್ನೂ ಹೆಸರಿಸಲಾಗಿತ್ತು. ಆದರೆ ಪರಿಹಾರ ಕೇಳಲು ಮೊದಲು ರೋಗದ ಹೆಸರು ಬೇಕು, ಹೆಸರಿಗೆ ಸ್ಕ್ಯಾನ್ ಮತ್ತು ತಜ್ಞರು ಬೇಕು, ಆಮೇಲೆ ಯಾವ ಮಾಲೀಕರ ಬಳಿ ಎಷ್ಟು ಕಾಲ ದುಡಿದದ್ದು ಎಂಬುದಕ್ಕೆ ಕಾಗದ ಬೇಕು. ಹಂಗಾಮಿಗೆ ಬಂದು ಹೋಗುವ ಗುತ್ತಿಗೆ ಕೂಲಿಗೆ ಈ ಮೂರೂ ದುರ್ಲಭ. ತನ್ನ ಕೊಟ್ಟಿಗೆಯಲ್ಲಿ ತಾನೇ ಹುಲ್ಲು ಕೊಡವುವ ಸಣ್ಣ ರೈತಳಿಗಂತೂ ಮಾಲೀಕನೇ ಇಲ್ಲ, ಆದ್ದರಿಂದ ಕಾಯ್ದೆಯೂ ಇಲ್ಲ. ಹುಲ್ಲನ್ನು ಚೆನ್ನಾಗಿ ಒಣಗಿಸಿ ಒಟ್ಟಿ, ಮುಗ್ಗಿದ್ದನ್ನು ಬಯಲಲ್ಲಿ ಗಾಳಿಗೆ ಬೆನ್ನು ಮಾಡಿ ಕೊಡವಿ ಎಂದು ಅವಳಿಗೆ ಹೇಳಬಹುದು. ಅದು ಉಪಯುಕ್ತ ಸಲಹೆಯೇ. ಅಕಾಲದ ಮಳೆಯಲ್ಲಿ ಒದ್ದೆಯಾದ ಹುಲ್ಲನ್ನು ಎಸೆದು ಹೊಸದು ಕೊಳ್ಳಲು ದುಡ್ಡಿದ್ದರೆ ಇನ್ನೂ ಉಪಯುಕ್ತ.

ಆದ್ದರಿಂದ ದೂರವಿರಿ ಎಂಬ ಸಲಹೆಯನ್ನು ಪಾಲಿಸದ ರೋಗಿಯನ್ನು ಹಟಮಾರಿ ಎಂದು ಬರೆಯುವ ಮೊದಲು, ಅವರು ಎಲ್ಲಿಗೆ ಹೋಗಬಲ್ಲರು ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಮೊದಲ ಪ್ರಶ್ನೆ ಕೇಳುವುದು ವೈದ್ಯರ ಕೆಲಸ, ನಾವೂ ನೆರವಾಗಬಹುದು. ಎರಡನೆಯದಕ್ಕೆ ಉತ್ತರಿಸಬೇಕಾದವರು ಮನೆಯೊಡೆಯರು, ಮಾಲೀಕರು, ಸರಕಾರಗಳು. ನಾರುಗಟ್ಟುವ ಮೊದಲು ಉತ್ತರಿಸಿದರೆ ಮಾತ್ರ ಅದಕ್ಕೆ ಅರ್ಥ.